ಟಿಕ್ ಒಂದು ಹೇಳುತ್ತದೆ, ಕಾರಣ ಇನ್ನೊಂದು ಹೇಳುತ್ತದೆ: ಅಂಕ ಯಾವುದಕ್ಕೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ "ಸರಿಯೋ ತಪ್ಪೋ ಗುರುತಿಸಿ, ಕಾರಣ ಕೊಡಿ" ಎಂದು ಕೇಳಿದ್ದೆ. "ಪ್ರತಿಯೊಂದು ಪೂರ್ಣಾಂಕವೂ ಒಂದು ಪೂರ್ಣ ಸಂಖ್ಯೆ" ಎಂಬ ಹೇಳಿಕೆಗೆ ಒಬ್ಬ ಹುಡುಗಿ "ಸರಿ" ಎಂದು ಟಿಕ್ ಹಾಕಿ ಕಾರಣದಲ್ಲಿ ಅದು ತಪ್ಪು ಎಂದು ಚೆನ್ನಾಗಿ ತೋರಿಸಿದ್ದಾಳೆ. ಒಬ್ಬ ಹುಡುಗ "ತಪ್ಪು" ಎಂದು ಸರಿಯಾಗಿ ಗುರುತಿಸಿ ಕಾರಣದಲ್ಲಿ ಉಲ್ಟಾ ಬರೆದಿದ್ದಾನೆ. ಇನ್ನೊಬ್ಬಳದು ಏನೆಂದೇ ತಿಳಿಯುತ್ತಿಲ್ಲ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲೂ ಇದೇ ಗೋಳು. ಪತ್ರಿಕೆಯಲ್ಲಿ "ಪ್ರತಿಯೊಂದಕ್ಕೂ 2 ಅಂಕ" ಎಂದಷ್ಟೇ ಇದೆ. ನಾನು ಎಲ್ಲರಿಗೂ ಒಂದೊಂದು ಅಂಕ ಕೊಟ್ಟೆ. ಸಹೋದ್ಯೋಗಿಯೊಬ್ಬರು ಎಲ್ಲರಿಗೂ ಸೊನ್ನೆಯೇ ನ್ಯಾಯ ಎನ್ನುತ್ತಾರೆ. ಯಾರದು ಸರಿ?

ಉತ್ತರ:

ಇಬ್ಬರದೂ ಸರಿಯಲ್ಲ, ಮತ್ತು ತಪ್ಪು ಒಂದೇ ಕಡೆ ಇದೆ. ನೀವು ಒಂದೊಂದು ಕೊಟ್ಟಿರಿ, ಅವರು ಸೊನ್ನೆ ಎಂದರು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು ಇಬ್ಬರೂ. ಆ ಹುಡುಗಿಗೆ ವಿಷಯ ಗೊತ್ತಿದೆ, ಆ ಹುಡುಗನಿಗೆ ಗೊತ್ತಿಲ್ಲ. ಇದು ಉತ್ತರಪತ್ರಿಕೆಯ ಮೇಲೆ ಅವರವರ ಕೈಬರಹದಲ್ಲೇ ಇದೆ. ಅಷ್ಟು ಸ್ಪಷ್ಟವಾಗಿ ಕಾಣುವ ವ್ಯತ್ಯಾಸವನ್ನು ಅಂಕಪಟ್ಟಿ ಅಳಿಸಿಹಾಕಿದರೆ ಕಾರಣ ಕೇಳಿದ್ದಾದರೂ ಏಕೆ?

ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಟಿಕ್ ಅನ್ನು ನೋಡುವುದೇ ಇಲ್ಲ. ಒಂದು ಕಾಗದದ ಪಟ್ಟಿಯನ್ನು ಮಡಿಚಿ ಆವರಣದ ಮೇಲೆ ಇಟ್ಟುಕೊಂಡು ಕಾರಣವನ್ನು ಮಾತ್ರ ಓದುತ್ತೇನೆ. ಓದಿ ಮುಗಿದ ಮೇಲೆ ನನಗೆ ನಾನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಬರೆದ ಮಗು ಹೇಳಿಕೆಯನ್ನು ಸರಿ ಎನ್ನುತ್ತಿದೆಯೋ, ತಪ್ಪು ಎನ್ನುತ್ತಿದೆಯೋ? ಮೂರು ಉತ್ತರಗಳು ಸಾಧ್ಯ. ಸರಿ ಎನ್ನುತ್ತಿದೆ, ತಪ್ಪು ಎನ್ನುತ್ತಿದೆ, ಅಥವಾ ಇದರಿಂದ ಏನೂ ಗೊತ್ತಾಗುವುದಿಲ್ಲ. ಆಮೇಲೆ ಪಟ್ಟಿ ತೆಗೆದು ಟಿಕ್ ನೋಡುತ್ತೇನೆ. ಟಿಕ್ ಮೊದಲು ಕಂಡರೆ ನಮ್ಮ ಕಣ್ಣು ಕಾರಣವನ್ನು ಅದಕ್ಕೆ ತಕ್ಕಂತೆ ಓದಿಬಿಡುತ್ತದೆ. ಸರಿಯಾದ ಟಿಕ್‌ನ ಕೆಳಗೆ ಬರೆದ ಅರೆಬರೆ ವಾಕ್ಯ "ಪರವಾಗಿಲ್ಲ" ಅನ್ನಿಸುತ್ತದೆ. ತಪ್ಪು ಟಿಕ್‌ನ ಕೆಳಗಿನ ಒಳ್ಳೆಯ ವಾಕ್ಯವನ್ನು ಪೂರ್ತಿ ಓದುವ ಮುಂಚೆಯೇ ಕೆಂಪು ಪೆನ್ನು ಓಡಿರುತ್ತದೆ. ನಲವತ್ತು ಪತ್ರಿಕೆ ದಾಟಿದ ಮೇಲಂತೂ ಇದು ಯಾರಿಗೂ ತಪ್ಪಿದ್ದಲ್ಲ.

ಈಗ ನಿಮ್ಮ ಮೂರು ಪತ್ರಿಕೆಗಳು. ನೀವು ಅವರ ವಾಕ್ಯಗಳನ್ನು ಬರೆದಿಲ್ಲವಾದ್ದರಿಂದ, ಇದೇ ಹೇಳಿಕೆಗೆ ನಾನು ಹಿಂದೆ ಕಂಡ ಉತ್ತರಗಳ ಮಾದರಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಹಲವು ವರ್ಷ ಬಳಕೆಯಲ್ಲಿದ್ದ ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಅಭ್ಯಾಸ 1.1ರಲ್ಲಿ ಈ ಹೇಳಿಕೆ ಇದೆ. ಹೀಗಾಗಿ ಅದನ್ನು ಕೇಳದ ಶಾಲೆ ಕಡಿಮೆ.

ಹುಡುಗಿಯ ಕಾರಣ ಹೀಗಿದೆ ಎಂದುಕೊಳ್ಳಿ: "−4 ಒಂದು ಪೂರ್ಣಾಂಕ. ಪೂರ್ಣ ಸಂಖ್ಯೆಗಳು 0, 1, 2, 3 ಎಂದು ಹೋಗುತ್ತವೆ. ಅವುಗಳಲ್ಲಿ −4 ಇಲ್ಲ." ಟಿಕ್ ಮುಚ್ಚಿ ಓದಿದರೆ ಇದು ಪೂರ್ಣ ಉತ್ತರ. "ಪ್ರತಿಯೊಂದೂ" ಎನ್ನುವ ಹೇಳಿಕೆಯನ್ನು ಕೆಡವಲು ಒಂದೇ ಒಂದು ಪ್ರತ್ಯುದಾಹರಣೆ ಸಾಕು ಎಂಬುದು ಆಕೆಗೆ ಗೊತ್ತಿದೆ. ಸರಿಯಾದ ಉದಾಹರಣೆಯನ್ನೇ ಆರಿಸಿದ್ದಾಳೆ, ಅದು ಏಕೆ ಸಲ್ಲುತ್ತದೆ ಎಂದೂ ಹೇಳಿದ್ದಾಳೆ. ಕೈ ಮಾತ್ರ ಬೇರೆ ಕಡೆ ಹೋಗಿದೆ. ಆಕೆಗೆ ಕಾರಣದ ಅಂಕ ಪೂರ್ತಿ ಸಲ್ಲಬೇಕು, ಟಿಕ್‌ನ ಅಂಕ ಹೋಗಬೇಕು. "ಕಾರಣ ಸರಿ ಇದೆಯಲ್ಲ, ಟಿಕ್ ಅನ್ನೂ ಸರಿ ಎಂದೇ ಭಾವಿಸಿ ಪೂರ್ತಿ ಕೊಡೋಣ" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುರುತು ಮಾಡು ಎಂದು ಕೇಳಿದ್ದೆವು, ಆಕೆ ತಪ್ಪಾಗಿ ಮಾಡಿದ್ದಾಳೆ. ಪಕ್ಕದ ಮಗು ಎರಡನ್ನೂ ಸರಿಯಾಗಿ ಮಾಡಿದೆ.

ಹುಡುಗನದು ಹೀಗೆ: "ತಪ್ಪು" ಎಂದು ಗುರುತು. ಕಾರಣ: "ಪೂರ್ಣಾಂಕ ಎಂದರೆ 0, 1, 2, 3... ಪೂರ್ಣ ಸಂಖ್ಯೆ ಎಂದರೂ ಅದೇ." ಟಿಕ್ ಮುಚ್ಚಿ ಓದಿದರೆ ಇವನು ಹೇಳಿಕೆಯನ್ನು ಸರಿ ಎನ್ನುತ್ತಿದ್ದಾನೆ. ಗುರುತು ಎಲ್ಲಿಂದ ಬಂತು? ಊಹೆಯಿಂದ ಬಂದಿರಬಹುದು, ಪಕ್ಕದವನಿಂದ ಬಂದಿರಬಹುದು. ಪರೀಕ್ಷಾ ಕೊಠಡಿಯಲ್ಲಿ ಟಿಕ್ ಬೆಂಚಿನುದ್ದಕ್ಕೂ ಸಾಗುತ್ತದೆ, ಕಾರಣ ಅಷ್ಟು ಸುಲಭವಾಗಿ ಸಾಗುವುದಿಲ್ಲ. ಎಲ್ಲಿಂದ ಬಂದಿದ್ದರೂ ಆ ಟಿಕ್ ಅವನ ತಿಳಿವಳಿಕೆಯದಲ್ಲ ಎಂದು ಅವನೇ ಮೂರು ಇಂಚು ಕೆಳಗೆ ಬರೆದುಕೊಟ್ಟಿದ್ದಾನೆ. ಇವನಿಗೆ ಎರಡೂ ಇಲ್ಲ, ಸೊನ್ನೆ.

ಇದು ಕಠಿಣ ಅನ್ನಿಸಿದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎರಡು ಅಂಕದ ಐದು ಹೇಳಿಕೆಗಳಿವೆ, ಟಿಕ್‌ಗೆ ಒಂದು, ಕಾರಣಕ್ಕೆ ಒಂದು ಎಂದು ಹಂಚಿದ್ದೀರಿ ಎಂದುಕೊಳ್ಳಿ. ಪಾಠವನ್ನೇ ಓದದ ವಿದ್ಯಾರ್ಥಿ ಕಣ್ಣು ಮುಚ್ಚಿ ಟಿಕ್ ಹಾಕುತ್ತಾ ಹೋದರೂ ಸರಾಸರಿ ಹತ್ತಕ್ಕೆ ಎರಡೂವರೆ ಅವನ ಕೈಸೇರುತ್ತದೆ. ಆದ್ದರಿಂದಲೇ ನಾನು ಎರಡು ಅಂಕವನ್ನು ಸಮಪಾಲು ಮಾಡುವುದಿಲ್ಲ. ಟಿಕ್‌ಗೆ ಅರ್ಧ, ಕಾರಣಕ್ಕೆ ಒಂದೂವರೆ. ನಿಮ್ಮ ಪತ್ರಿಕೆಯಲ್ಲಿ ಹಂಚಿಕೆ ಅಚ್ಚಾಗಿಲ್ಲದಿರುವುದರಿಂದ ನೀವೂ ಹೀಗೆ ಮಾಡಲು ಅಡ್ಡಿಯಿಲ್ಲ. ಆಗ ಹುಡುಗಿಗೆ ಒಂದೂವರೆ, ಹುಡುಗನಿಗೆ ಸೊನ್ನೆ. ನೀವು ಇಬ್ಬರಿಗೂ ಒಂದೊಂದು ಕೊಟ್ಟಿದ್ದಿರಿ.

ಆದರೆ "ವಿರುದ್ಧವಾದ ಕಾರಣ" ಬೇರೆ, "ಸಾಲದ ಕಾರಣ" ಬೇರೆ. ಇವೆರಡನ್ನು ಬೆರೆಸಿದರೆ ನನ್ನ ಕ್ರಮ ಕ್ರೂರವಾಗುತ್ತದೆ. ವಿಜ್ಞಾನದಿಂದ ಒಂದು ಉದಾಹರಣೆ: "ಚಂದ್ರನ ಮೇಲೆ ವಸ್ತುವಿನ ರಾಶಿ ಭೂಮಿಯ ಮೇಲಿರುವುದರ ಆರನೆಯ ಒಂದರಷ್ಟಾಗುತ್ತದೆ." ಇದು ತಪ್ಪು. ಆರನೆಯ ಒಂದರಷ್ಟಾಗುವುದು ತೂಕ, ರಾಶಿ ಬದಲಾಗುವುದಿಲ್ಲ. ಒಂದು ಮಗು "ತಪ್ಪು" ಎಂದು ಗುರುತಿಸಿ "ಚಂದ್ರನಲ್ಲಿ ಗುರುತ್ವ ಕಡಿಮೆ, ಅಲ್ಲಿ ವಸ್ತು ಹಗುರವಾಗುತ್ತದೆ" ಎಂದು ಬರೆಯಿತು. ಟಿಕ್ ಮುಚ್ಚಿ ಓದಿ. ಬರೆದದ್ದು ನಿಜವೇ, ಆದರೆ ರಾಶಿಯ ಬಗ್ಗೆ ಮಗು ಏನೂ ಹೇಳಿಲ್ಲ. ಸರಿ ಎನ್ನುತ್ತಿದೆಯೋ ತಪ್ಪು ಎನ್ನುತ್ತಿದೆಯೋ ಹೇಳಲಾಗದು. ಇದು ಸಾಲದ ಕಾರಣ, ವಿರುದ್ಧವಾದುದಲ್ಲ. ಟಿಕ್‌ನ ಅರ್ಧ ಅಂಕ ಮಗುವಿಗೇ ಉಳಿಯಬೇಕು, ಕಾರಣಕ್ಕೂ ಅರ್ಧ ಕೊಡಬಹುದು. ಅದೇ ಮಗು "...ಆದ್ದರಿಂದ ರಾಶಿಯೂ ಕಡಿಮೆಯಾಗುತ್ತದೆ" ಎಂದು ಮೂರು ಪದ ಸೇರಿಸಿದ್ದರೆ ಅದು ವಿರುದ್ಧ, ಟಿಕ್‌ನ ಅಂಕವೂ ಬಿದ್ದುಹೋಗುತ್ತದೆ. ಕಾರಣದ ಜಾಗ ಖಾಲಿ ಬಿಟ್ಟವರಿಗೂ, ಹೇಳಿಕೆಯನ್ನೇ ತಿರುಗಿಸಿ ಬರೆದವರಿಗೂ ಟಿಕ್‌ನ ಅರ್ಧ ಸಿಗಲಿ. ತಮ್ಮ ಟಿಕ್ ಅನ್ನು ತಾವೇ ಅಲ್ಲಗಳೆದವರಿಗೆ ಮಾತ್ರ ಇಲ್ಲ.

ವಿರುದ್ಧ ಎಂಬ ತೀರ್ಮಾನಕ್ಕೆ ಬರುವ ಮೊದಲು ಇನ್ನೊಂದನ್ನು ಪರೀಕ್ಷಿಸಬೇಕು. ಎಷ್ಟೋ ಸಲ ವಿರೋಧ ಮಗುವಿನ ತಲೆಯಲ್ಲಿರುವುದಿಲ್ಲ, ನಾವು ಅಚ್ಚು ಹಾಕಿದ ಸಾಲಿನಲ್ಲಿರುತ್ತದೆ. ಪತ್ರಿಕೆಯಲ್ಲಿ "ಸರಿ / ತಪ್ಪು" ಎಂದು ಮುದ್ರಿಸಿ ಗುರುತಿಸಿ ಎಂದಿದ್ದೇವೆ. ಒಬ್ಬರು ಬೇಕಾದುದಕ್ಕೆ ಸುತ್ತು ಹಾಕುತ್ತಾರೆ, ಇನ್ನೊಬ್ಬರು ಬೇಡವಾದುದನ್ನು ಹೊಡೆದುಹಾಕುತ್ತಾರೆ. "ಸರಿ" ಎಂಬ ಪದದ ಮೇಲೆ ಗುಣಾಕಾರದ ಗೆರೆ ಬಿದ್ದಿದ್ದರೆ ಮಗು ಅದನ್ನು ಆರಿಸಿತೋ ತಿರಸ್ಕರಿಸಿತೋ? ಅದೇ ಪತ್ರಿಕೆಯ ಉಳಿದ ನಾಲ್ಕು ಹೇಳಿಕೆಗಳಲ್ಲಿ ಮಗು ಏನು ಮಾಡಿದೆ ಎಂದು ನೋಡಿ. ಎಲ್ಲ ಕಡೆಯೂ ಬೇಡವಾದುದನ್ನೇ ಹೊಡೆದಿದ್ದರೆ ಇಲ್ಲಿ ವಿರೋಧವೇ ಇಲ್ಲ, ಪೂರ್ತಿ ಅಂಕ. ನಿಮ್ಮ ಹುಡುಗಿಯ ಪತ್ರಿಕೆಯನ್ನೂ ಒಮ್ಮೆ ಹೀಗೆ ನೋಡಿಬಿಡಿ.

ಇದಕ್ಕಿಂತ ಹೆಚ್ಚು ಕಾಡುವುದು "ಅಲ್ಲ" ಎಂದು ಮುಗಿಯುವ ಹೇಳಿಕೆ. "ಬಾವಲಿ ಪಕ್ಷಿಯಲ್ಲ" ಎಂದು ಕೊಟ್ಟರೆ, ಒಪ್ಪುವ ಮಗು "ಸರಿ" ಎನ್ನಬೇಕು. ಆದರೆ ತಲೆಯಲ್ಲಿ "ಪಕ್ಷಿಯೇ? ಅಲ್ಲ" ಎಂದು ಓಡುತ್ತಿರುವಾಗ ಕೈ "ತಪ್ಪು" ಎಂದು ಬರೆಯುತ್ತದೆ, ಕೆಳಗೆ "ಬಾವಲಿ ಸಸ್ತನಿ, ಮರಿಗೆ ಹಾಲುಣಿಸುತ್ತದೆ" ಎಂದು ಬರೆಯುತ್ತದೆ. ಮಗು ಇಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಡವಲಿಲ್ಲ, ನಮ್ಮ ವ್ಯಾಕರಣದಲ್ಲಿ ಎಡವಿತು. ಇನ್ನು "ಎಲ್ಲ ಪೂರ್ಣಾಂಕಗಳೂ ಪೂರ್ಣ ಸಂಖ್ಯೆಗಳಲ್ಲ" ಎಂದು ಕೊಟ್ಟಿರೋ, ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ. "ಎಲ್ಲವೂ ಹಾಗಲ್ಲ, ಕೆಲವು ಮಾತ್ರ ಹಾಗೆ" ಎಂದೂ ಆಗುತ್ತದೆ, "ಯಾವೊಂದೂ ಹಾಗಲ್ಲ" ಎಂದೂ ಆಗುತ್ತದೆ. ಮೊದಲ ಅರ್ಥದಲ್ಲಿ ಹೇಳಿಕೆ ಸರಿ, −4 ಅದಕ್ಕೆ ಕಾರಣ. ಎರಡನೆಯ ಅರ್ಥದಲ್ಲಿ ಹೇಳಿಕೆ ತಪ್ಪು, 5 ಅದಕ್ಕೆ ಕಾರಣ. ಎರಡೂ ಉತ್ತರಗಳಿಗೆ ಪೂರ್ತಿ ಅಂಕ ಕೊಡದೆ ಬೇರೆ ದಾರಿಯಿಲ್ಲ. ಹಲವು ವರ್ಷಗಳ ಹಿಂದೆ ನಾನೇ ತಯಾರಿಸಿದ ಪತ್ರಿಕೆಯಲ್ಲಿ ಇಂಥದೊಂದು ಸಾಲು ಇತ್ತು. ತರಗತಿಯ ಚುರುಕಾದ ಮಕ್ಕಳೇ ಸಾಲುಸಾಲಾಗಿ ತಪ್ಪಿದ್ದಾರೆ ಎಂದು ಕಂಡಾಗ ನನಗೆ ಹೇಳಿಕೆಯನ್ನು ಮತ್ತೆ ಓದಬೇಕೆನ್ನಿಸಿತು. ಅದೇ ಈ ದೋಷದ ಲಕ್ಷಣ. ಒಂದೇ ಹೇಳಿಕೆಯಲ್ಲಿ, ಒಳ್ಳೆಯ ಕಾರಣ ಬರೆದ ಹಲವರ ಟಿಕ್ ಒಂದೇ ದಿಕ್ಕಿಗೆ ತಪ್ಪಿದ್ದರೆ ಪ್ರಶ್ನೆಯನ್ನು ಅನುಮಾನಿಸಿ, ಅಂಥವರೆಲ್ಲರಿಗೂ ಪೂರ್ತಿ ಕೊಡಿ. ನೀವು ಕೇಳಿದ ಹೇಳಿಕೆ ಮಾತ್ರ ನೇರವಾಗಿದೆ, ಅದರಲ್ಲಿ ಈ ತೊಡಕಿಲ್ಲ.

ಈಗ ನಿಮ್ಮ ಮೂರನೆಯ ಪತ್ರಿಕೆ. "ಏನೆಂದೇ ತಿಳಿಯುತ್ತಿಲ್ಲ" ಎಂದಿದ್ದೀರಿ. ಬಹುಶಃ ಅದು ಈ ಬಗೆಯದು: "ತಪ್ಪು. ಕಾರಣ: ಪೂರ್ಣ ಸಂಖ್ಯೆಗಳಲ್ಲಿ ಋಣ ಸಂಖ್ಯೆಗಳಿವೆ, ಪೂರ್ಣಾಂಕಗಳಲ್ಲಿ ಇಲ್ಲ." ಇಂಥ ಉತ್ತರ ನನ್ನನ್ನು ಪ್ರತಿ ಸಲವೂ ನಿಲ್ಲಿಸುತ್ತದೆ. ಮಗುವಿಗೆ ಎರಡು ಗುಂಪುಗಳಿವೆ ಎಂದು ಗೊತ್ತು, ಒಂದರಲ್ಲಿ ಋಣ ಸಂಖ್ಯೆಗಳಿವೆ ಎಂದೂ ಗೊತ್ತು. ಹೆಸರುಗಳು ಮಾತ್ರ ಅದಲುಬದಲಾಗಿವೆ. ಪೂರ್ಣಾಂಕ, ಪೂರ್ಣ ಸಂಖ್ಯೆ ಎಂದು ಎರಡಕ್ಕೂ ಒಂದೇ "ಪೂರ್ಣ" ಕೊಟ್ಟಿರುವ ನಮ್ಮ ಪರಿಭಾಷೆಯಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಮನಸ್ಸು ಅಂಕ ಕೊಡು ಎನ್ನುತ್ತದೆ. ಆದರೆ ಟಿಕ್ ಮುಚ್ಚಿ ನಿಧಾನವಾಗಿ ಓದಿ. ಆಕೆ ಬರೆದಂತೆ ಪೂರ್ಣಾಂಕಗಳಲ್ಲಿ ಋಣ ಸಂಖ್ಯೆಗಳಿಲ್ಲ, ಪೂರ್ಣ ಸಂಖ್ಯೆಗಳಲ್ಲಿ ಅವೂ ಇವೆ. ಹಾಗಿದ್ದರೆ ಪ್ರತಿ ಪೂರ್ಣಾಂಕವೂ ಪೂರ್ಣ ಸಂಖ್ಯೆಗಳ ಒಳಗೇ ಬಂದುಬಿಡುತ್ತದೆ, ಹೇಳಿಕೆ ಸರಿಯಾಗಬೇಕಿತ್ತು! ಅಂದರೆ ಆಕೆ ಹೆಸರು ಅದಲುಬದಲು ಮಾಡಿದ್ದಷ್ಟೇ ಅಲ್ಲ, "ಪ್ರತಿಯೊಂದು ಇದೂ ಅದೇ" ಎನ್ನುವುದನ್ನು "ಇವೆರಡೂ ಒಂದೇ" ಎಂದು ಓದಿಕೊಂಡಿದ್ದಾಳೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಟಿಕ್ ಸರಿಯಾದ ಕಡೆ ಬಿದ್ದಿದೆ. ಆದ್ದರಿಂದ ಸೊನ್ನೆ. ಆದರೆ ಆ ಹುಡುಗನ ಸೊನ್ನೆಗೂ ಈಕೆಯ ಸೊನ್ನೆಗೂ ಪಕ್ಕದಲ್ಲಿ ಬರೆಯುವ ಷರಾ ಬೇರೆಯಾಗಿರಬೇಕು. ಅವನಿಗೆ ಪೂರ್ಣಾಂಕಗಳನ್ನು ಸಂಖ್ಯಾರೇಖೆಯ ಮೇಲೆ ಎಡಕ್ಕೂ ಹೋಗಿ ಮೊದಲಿನಿಂದ ತೋರಿಸಬೇಕು. ಈಕೆಗೆ ಹೆಸರನ್ನು ನೆಟ್ಟಗೆ ಮಾಡಿ, ಒಂದು ಗುಂಪು ಇನ್ನೊಂದರ ಒಳಗೆ ಕೂರುವ ಚಿತ್ರ ಬರೆದುಕೊಟ್ಟರೆ ಹತ್ತು ನಿಮಿಷದ ಕೆಲಸ.

ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಎರಡೇ ಆಯ್ಕೆಗಳಿಲ್ಲದ ಕಾರಣ ಊಹೆಯ ಲಾಭ ಕಡಿಮೆ. ಬದಲಿಗೆ ಒಂದು ಜಾರುವಿಕೆಗೆ ಎರಡು ದಂಡ ಬೀಳುತ್ತದೆ. ಅ ಪಟ್ಟಿಯಲ್ಲಿ ಬಲ, ಕೆಲಸ, ಸಾಮರ್ಥ್ಯ, ಒತ್ತಡ. ಆ ಪಟ್ಟಿಯಲ್ಲಿ ವ್ಯಾಟ್, ಪ್ಯಾಸ್ಕಲ್, ನ್ಯೂಟನ್, ಜೌಲ್. ಒಂದು ಮಗು ಕೆಲಸದಿಂದ ವ್ಯಾಟ್‌ಗೆ, ಸಾಮರ್ಥ್ಯದಿಂದ ಜೌಲ್‌ಗೆ ಗೆರೆ ಎಳೆಯಿತು. ಸಾಮರ್ಥ್ಯದ ಮುಂದೆ ಕಾರಣ: "1 ಸೆಕೆಂಡಿನಲ್ಲಿ 1 ಜೌಲ್ ಕೆಲಸವಾದರೆ ಅದು 1 ವ್ಯಾಟ್." ಕೆಲಸದ ಮುಂದೆ: "1 ನ್ಯೂಟನ್ ಬಲದಿಂದ ವಸ್ತು ಬಲದ ದಿಕ್ಕಿನಲ್ಲಿ 1 ಮೀಟರ್ ಸರಿದರೆ 1 ಜೌಲ್." ಕಾರಣಗಳು ಎರಡೂ ಸರಿ, ಗೆರೆಗಳು ಎರಡೂ ತಪ್ಪು. ಎರಡು ಪಟ್ಟಿಗಳಲ್ಲೂ ನಾಲ್ಕು ನಾಲ್ಕೇ ಇದ್ದು, ಒಂದಕ್ಕೆ ಒಂದೇ ಜೋಡಿ ಇರುವಾಗ ನಾಲ್ಕರಲ್ಲಿ ಮೂರು ಸರಿ ಮಾಡುವುದು ಯಾರಿಂದಲೂ ಆಗದು. ಒಂದು ತಪ್ಪಿದರೆ ಇನ್ನೊಂದು ತಪ್ಪಲೇಬೇಕು. ಹೀಗಾಗಿ ಕಾರಣದ ಅಂಕಗಳನ್ನು ಎರಡಕ್ಕೂ ಕೊಟ್ಟು, ಗೆರೆಯ ಅಂಕವನ್ನು ಒಂದೇ ಸಲ ಕಳೆಯುತ್ತೇನೆ. ಇಲ್ಲಿ ನಾನು ಟಿಕ್‌ಗಿಂತ ಸಡಿಲವಾಗಿರಲು ಇನ್ನೊಂದು ಕಾರಣವಿದೆ. "ಸರಿ", "ತಪ್ಪು" ಎಂಬ ಪದ ಕಾರಣದೊಳಗೆ ಸಾಮಾನ್ಯವಾಗಿ ಬರುವುದಿಲ್ಲ, ಜೋಡಿಯ ಹೆಸರು ಬರುತ್ತದೆ. "ಅದು 1 ವ್ಯಾಟ್" ಎಂದು ಅಕ್ಷರದಲ್ಲಿ ಬರೆದ ಮಗು ಜೋಡಿಯನ್ನು ಹೊಂದಿಸಿಯೇ ಇದೆ. ಗೆರೆ ಸರಿಯಿದ್ದು ಕಾರಣ ಬೇರೊಂದು ಜೋಡಿಯನ್ನು ಹೆಸರಿಸಿದರೆ ಮಾತ್ರ ಹುಡುಗನ ಸೊನ್ನೆಯ ನಿಯಮವೇ ಇಲ್ಲಿಗೂ.

ಗೆರೆಯ ಬದಲು ಕ್ರಮಾಕ್ಷರ ಬರೆಸಿದ್ದರೆ ಕಣ್ಣು ಇನ್ನೂ ಎಚ್ಚರವಾಗಿರಲಿ. ಅ, ಆ, ಇ, ಈ ಎಂದು ಕೊಟ್ಟಾಗ ಅವಸರದಲ್ಲಿ ಬರೆದ ಆ ಎಷ್ಟೋ ಸಲ ಅ ಆಗಿಯೇ ಕಾಣುತ್ತದೆ. ಕಾರಣ ಸರಿಯಾದ ಜೋಡಿಯನ್ನು ಹೇಳುತ್ತಿದ್ದು ಅಕ್ಷರ ಎರಡರಂತೆಯೂ ಓದಲು ಬರುವಂತಿದ್ದರೆ ಕಾರಣದ ಜೊತೆಗೇ ಓದಿ. ಮುಂದಿನ ಸಲ ಅಕ್ಷರ ಬೇಡ, ಜೋಡಿಯನ್ನು ಪದಗಳಲ್ಲೇ ಬರೆಯಿಸಿ. ಏಕಮಾನಗಳ ಪಟ್ಟಿಗೆ ಕೆಲ್ವಿನ್, ಆಂಪಿಯರ್ ಎಂದು ಎರಡು ಹೆಚ್ಚುವರಿ ಪದ ಸೇರಿಸಿ. ಒಂದು ತಪ್ಪಿದರೆ ಎರಡು ತಪ್ಪಲೇಬೇಕೆಂಬ ಬಲವಂತ ಅಲ್ಲಿಗೆ ತಪ್ಪುತ್ತದೆ.

ಒಂದು ಮಿತಿಯನ್ನು ಹೇಳಿಬಿಡಬೇಕು. ಇದೆಲ್ಲ ನೀವೇ ಪತ್ರಿಕೆ ತಯಾರಿಸಿ ನೀವೇ ತಿದ್ದುವಾಗಿನ ಮಾತು. ಪತ್ರಿಕೆಯ ಮೇಲೆಯೇ "ಗುರುತಿಗೆ 1, ಕಾರಣಕ್ಕೆ 1" ಎಂದು ಅಚ್ಚಾಗಿದ್ದರೆ ಸರಿಯಾದ ಗುರುತಿನ ಅಂಕವನ್ನು ತಡೆಯುವ ಅಧಿಕಾರ ನಮಗಿಲ್ಲ. ಮಗು ಆ ಮಾತನ್ನು ನಂಬಿ ಬರೆದಿದೆ. ಮೌಲ್ಯಮಾಪನ ಕೇಂದ್ರದಲ್ಲಂತೂ ಮಾದರಿ ಉತ್ತರದ ಅಂಕ ಹಂಚಿಕೆಯೇ ಅಂತಿಮ. ಅದರಲ್ಲಿ ವಿರೋಧದ ಬಗ್ಗೆ ಸೊಲ್ಲಿಲ್ಲದಿದ್ದರೆ ಉಪ ಮುಖ್ಯ ಮೌಲ್ಯಮಾಪಕರನ್ನು ಕೇಳಿ, ಅವರು ಹೇಳಿದ್ದನ್ನು ಇಡೀ ತಂಡ ಒಂದೇ ರೀತಿ ಪಾಲಿಸಬೇಕು. ಎಲ್ಲಿಯೇ ಆದರೂ ಟಿಕ್‌ನ ಅಂಕ ಟಿಕ್‌ನ ಪಕ್ಕ, ಕಾರಣದ ಅಂಕ ಕಾರಣದ ಪಕ್ಕ ಬೇರೆ ಬೇರೆ ಬರೆಯಿರಿ. ನಾಳೆ ಮಗುವೋ ಪೋಷಕರೋ ಪತ್ರಿಕೆ ಹಿಡಿದು ಬಂದರೆ ಒಟ್ಟು "1" ಎಂಬ ಅಂಕಿ ಏನನ್ನೂ ಹೇಳುವುದಿಲ್ಲ.

ಮುಂದಿನ ಪತ್ರಿಕೆಗೆ ನಾನು ಬಳಸುವ ಸೂಚನೆ ಇದು, ಬೇಕಿದ್ದರೆ ಹಾಗೆಯೇ ತೆಗೆದುಕೊಳ್ಳಿ: "ಹೇಳಿಕೆ ಸರಿಯೋ ತಪ್ಪೋ ಎಂಬುದನ್ನು ಪದದಲ್ಲಿ ಬರೆದು (½), ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಕೊಡಿ (1½). ನೀವು ಕೊಟ್ಟ ಕಾರಣ ನಿಮ್ಮ ಗುರುತಿಗೆ ವಿರುದ್ಧವಾಗಿದ್ದರೆ ಗುರುತಿಗೆ ಅಂಕವಿಲ್ಲ." ಟಿಕ್ ಬದಲು ಪದದಲ್ಲಿ ಬರೆಯಿಸುವುದರಿಂದಲೇ ಸುತ್ತು, ಗೆರೆ, ಗುಣಾಕಾರಗಳ ಗೊಂದಲ ಹೋಗುತ್ತದೆ.

ಈಗ ನೀವು ಕೊಟ್ಟಾಗಿರುವ ಅಂಕಗಳು. ಪತ್ರಿಕೆಗಳನ್ನು ಇನ್ನೂ ಹಂಚಿಲ್ಲವಾದರೆ ಇಡೀ ತರಗತಿಯ ಈ ಒಂದು ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ತಿದ್ದಿ, ಎಲ್ಲ ಮಕ್ಕಳಿಗೂ ಒಂದೇ ಅಳತೆ ಇರಲಿ. ಹಂಚಿಬಿಟ್ಟಿದ್ದರೆ ಯಾರ ಅಂಕವನ್ನೂ ಇಳಿಸಬೇಡಿ. ಮೊದಲೇ ಹೇಳದ ನಿಯಮವನ್ನು ಅಂಕ ಕೈಗೆ ಬಂದ ಮೇಲೆ ಹೇರುವುದು ಮಕ್ಕಳಿಗೆ ಮೋಸವೆನಿಸುತ್ತದೆ, ಅದು ನಿಜವೂ ಹೌದು. ಆದರೆ ಆ ಹುಡುಗಿಯಂತೆ ಪೂರ್ಣ ಕಾರಣ ಬರೆದು ಟಿಕ್ ತಪ್ಪಿದವರನ್ನು ಹುಡುಕಿ ಅರ್ಧ ಅಂಕ ಸೇರಿಸಿ. ಸೇರಿಸುವಾಗ ಆಕೆಯನ್ನು ಕರೆದು ಆಕೆಯ ವಾಕ್ಯವನ್ನು ಆಕೆಯಿಂದಲೇ ಗಟ್ಟಿಯಾಗಿ ಓದಿಸಿ, ಟಿಕ್ ಮೇಲೆ ಕೈಯಿಟ್ಟು ಮುಚ್ಚಿ, "ಹಾಗಾದರೆ ಇದು ಸರಿಯೋ ತಪ್ಪೋ?" ಎಂದು ಕೇಳಿ.